ಸೂಕ್ತ ಕ್ರಮ, ತುರ್ತು

ಕೋಲಾರ ಜಿಲ್ಲೆಯ ಒಂದು ಕಚೇರಿ ಎಂದಿಟ್ಟುಕೊಳ್ಳಿ. ಊರ ಕೆರೆಯ ಒತ್ತುವರಿ ಸರ್ವೆ ನಕ್ಷೆಯ ಪ್ರತಿ ಬೇಕೆಂದು ರೈತರೊಬ್ಬರು ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿದರು. ಅರ್ಜಿ ಜೂನ್ 3ರಂದು ತಲುಪಿತು. ಉತ್ತರಕ್ಕೆ ಕಾನೂನು ಕೊಡುವುದು 30 ದಿನ.

ಮಾಹಿತಿ ಅಧಿಕಾರಿಗಳ ಮೇಜಿನ ಮೇಲೆ ಅರ್ಜಿ ಮೂರು ವಾರಗಳಿಗೂ ಹೆಚ್ಚು ಕಾಲ ಸುಖವಾಗಿ ಮಲಗಿತ್ತು. ಜೂನ್ 27ರಂದು ಅದು ಹೊಸದಾಗಿ ಬಂದ ದ್ವಿತೀಯ ದರ್ಜೆ ಸಹಾಯಕಿಯ ಕೈಗೆ ಬಂತು. ಅಂಚಿನಲ್ಲಿ ಹಸಿರು ಶಾಯಿಯ ಷರಾ: ‘ಸೂಕ್ತ ಕ್ರಮಕ್ಕಾಗಿ. ತುರ್ತು.’

ಕ್ರಮ ಯಾವುದು, ಯಾವ ದಿನದೊಳಗೆ ಎಂದು ಷರಾ ಹೇಳಲಿಲ್ಲ. ಹೇಳಿದ್ದರೆ ಅದಕ್ಕೊಂದು ಅರ್ಥ ಬಂದುಬಿಡುತ್ತಿತ್ತು; ಅರ್ಥವಿರುವ ಷರಾಕ್ಕೆ ಬರೆದವರೇ ಹೊಣೆಯಾಗಬೇಕಾಗುತ್ತದೆ.

ಆಕೆ ಒಳಗೆ ಹೋಗಿ ಕೇಳಿದಳು: ‘ಸರ್, ಇದರಲ್ಲಿ ಏನು ಮಾಡಬೇಕು?’

‘ಇಷ್ಟೂ ಗೊತ್ತಿಲ್ಲವೇನಮ್ಮ? ಹಳೆಯ ಕಡತ ನೋಡಿ.’

ನೋಡಿದಳು. ‘ಕೋರಿದ ಮಾಹಿತಿ ಸಣ್ಣ ನೀರಾವರಿ ಇಲಾಖೆಗೆ ಸಂಬಂಧಿಸಿದ್ದು’ ಎಂಬ ಹಳೆಯ ಉತ್ತರವೊಂದು ಸಿಕ್ಕಿತು; ದಿನಾಂಕ ಬದಲಿಸಿ ಟೈಪ್ ಮಾಡಿದಳು. ಅರ್ಜಿ ಬೇರೆ ಇಲಾಖೆಯದಾದರೆ 5 ದಿನದೊಳಗೆ ವರ್ಗಾಯಿಸಬೇಕಿತ್ತು. ಅದಕ್ಕಿಂತ ಮುಖ್ಯವಾಗಿ, ನಕ್ಷೆ ಪಕ್ಕದ ಕೋಣೆಯ ಭೂಮಾಪನ ಶಾಖೆಯ ಬೀರುವಿನಲ್ಲೇ ಇತ್ತು. ಇವೆರಡೂ ಮೊದಲೇ ಗೊತ್ತಿದ್ದವರು ಒಬ್ಬರೇ, ಅವರು ತಮ್ಮ ಜ್ಞಾನವನ್ನು ಷರಾದಲ್ಲಿ ವ್ಯರ್ಥ ಮಾಡಲಿಲ್ಲ.

ಅರ್ಜಿ ಬಂದ ವಾರದಲ್ಲೇ ಇಂಥ ಷರಾ ಬರೆಯಲು ಸಾಧ್ಯವಿತ್ತು: ‘ನಕ್ಷೆ ಭೂಮಾಪನ ಶಾಖೆಯಲ್ಲಿದೆ. ಪುಟಗಳನ್ನು ಎಣಿಸಿ, ಅರ್ಜಿದಾರರಿಗೆ ಶುಲ್ಕ ತಿಳಿಸುವ ಪತ್ರದ ಕರಡನ್ನು ಜೂನ್ 12ರ ಸಂಜೆಯೊಳಗೆ ನನಗೆ ತೋರಿಸಿ. ಶಾಖೆಯವರು ಕೊಡದಿದ್ದರೆ ಅಥವಾ ಯಾವುದಾದರೂ ಪುಟದ ಬಗ್ಗೆ ಸಂಶಯ ಬಂದರೆ ಅಂದೇ ಬಂದು ಕೇಳಿ.’ ಕಷ್ಟವೇನೂ ಇಲ್ಲ, ಆದರೆ ಅಷ್ಟು ಬರೆಯಬೇಕಾದರೆ ಮೊದಲು ಅರ್ಜಿಯನ್ನು ಓದಬೇಕು.

ಮೊದಲ ಮೇಲ್ಮನವಿಯೂ ಫಲಿಸದೆ ರೈತರು ಮಾಹಿತಿ ಆಯೋಗಕ್ಕೆ ಹೋದರು. ತಡವಾದ ಪ್ರತಿ ದಿನಕ್ಕೆ 250 ರೂಪಾಯಿ, ಗರಿಷ್ಠ 25,000 ರೂಪಾಯಿ ದಂಡ; ಅದೂ ಮಾಹಿತಿ ಅಧಿಕಾರಿಯ ಸ್ವಂತ ಜೇಬಿನಿಂದ. ಅಧಿಕಾರಿಗಳು ಅಂದೇ ಕಾಯಿದೆಯ ಪುಸ್ತಕ ತೆರೆದರು. ಮಾಹಿತಿ ಅಧಿಕಾರಿ ಯಾರ ನೆರವು ಕೋರಿದ್ದರೋ ಅವರನ್ನೂ ದಂಡದ ಮಟ್ಟಿಗೆ ಮಾಹಿತಿ ಅಧಿಕಾರಿಯೆಂದೇ ಪರಿಗಣಿಸಬೇಕು ಎಂಬ 5ನೇ ಕಲಮು ಕಣ್ಣಿಗೆ ಬಿತ್ತು. ಷರಾವೇ ನೆರವು ಕೋರಿದ್ದಕ್ಕೆ ಸಾಕ್ಷಿ!

ಮರುದಿನ ಸಹಾಯಕಿಗೆ ಕಾರಣ ಕೇಳಿ ನೋಟಿಸ್ ಬಂತು. ಅರ್ಜಿ ಬಂದ ದಿನ, ಕೇಳಿದ್ದ ನಕ್ಷೆ, ಅದಿದ್ದ ಶಾಖೆ, ಬೀರು, ಕೊಡಬೇಕಾಗಿದ್ದ ಉತ್ತರ, ಅದರ ಗಡುವು, ಎಲ್ಲವೂ ಕ್ರಮವಾಗಿ, ತಪ್ಪಿಲ್ಲದ ಕನ್ನಡದಲ್ಲಿ ಇದ್ದವು. ಕೊನೆಯ ಸಾಲಿನಲ್ಲಿ ಆಹ್ವಾನವೂ ಇತ್ತು: ತಮಗೆ ಹೇಳುವುದೇನಾದರೂ ಇದ್ದಲ್ಲಿ 7 ದಿನಗಳೊಳಗೆ ಲಿಖಿತವಾಗಿ ತಿಳಿಸುವುದು.