58.5 ಅಂತೆ, 55 ರೂಪಾಯಿಯಂತೆ

ರಾಜ್ಯದ ಏಳನೇ ವೇತನ ಆಯೋಗದ ಆದೇಶ ಹೊರಬಿದ್ದ ಮೇಲೆ ಬೆಂಗಳೂರಿನ ಮನೆ ಮಾಲೀಕರೆಲ್ಲ ಒಂದೇ ಅಂಕಿ ಬಾಯಿಪಾಠ ಮಾಡಿಕೊಂಡರು: 58.5. ಸರ್ಕಾರಿ ನೌಕರನ ಸಂಬಳ ಶೇ 58.5 ಏರಿತಂತೆ! ಅದರಲ್ಲಿ 31 ತುಟ್ಟಿಭತ್ಯೆ. ಆಗಲೇ ಜೇಬಿನಲ್ಲಿದ್ದ ದುಡ್ಡನ್ನು ತೆಗೆದು ಅಂಗಿಯ ಇನ್ನೊಂದು ಜೇಬಿಗೆ ಹಾಕಿದರು, ಅಷ್ಟೇ. ಹೊಸದಾಗಿ ಕೊಟ್ಟಿದ್ದು ಫಿಟ್‌ಮೆಂಟ್ ಎಂಬ ಶೇ 27.5ರ ಏರಿಕೆ. ಅದೂ ಹಳೆಯ ಮೂಲವೇತನದ ಮೇಲೆ.

ಶ್ರೇಣಿಯ ತೀರಾ ಕೆಳಗಿರುವ ಅಟೆಂಡರ್ ಒಬ್ಬರ ಲೆಕ್ಕ ನೋಡಿ. 1-7-2022ಕ್ಕೆ ಮೂಲವೇತನ 17,000. ಅದಕ್ಕೆ ತುಟ್ಟಿಭತ್ಯೆ 5,270, ಫಿಟ್‌ಮೆಂಟ್ 4,675. ಕೂಡಿದರೆ 26,945. ಆದರೆ ಹೊಸ ಮಾಸ್ಟರ್ ಸ್ಕೇಲಿನಲ್ಲಿ 26,945 ಎಂಬ ಹಂತವೇ ಇಲ್ಲ. ಅದು ಶುರುವಾಗುವುದೇ 27,000ದಿಂದ. ಹಾಗಾಗಿ ಮುಂದಿನ ಹಂತಕ್ಕೆ ಏರಿಸಿ, ಧಾರಾಳವಾಗಿ 55 ರೂಪಾಯಿ ದಾನ ಮಾಡಲಾಯಿತು.

ಎಸ್‌ಡಿಎ 21,400ರಲ್ಲಿದ್ದರೆ ಲೆಕ್ಕ 33,919ಕ್ಕೆ ಬರುತ್ತದೆ, ಕೂರುವುದು 34,100ರಲ್ಲಿ: 181 ಲಾಭ. ಎಫ್‌ಡಿಎ 27,650ರಲ್ಲಿದ್ದರೆ 43,825 ರೂಪಾಯಿ 25 ಪೈಸೆ, ಕೂರುವುದು 44,425ರಲ್ಲಿ: ಹತ್ತಿರಹತ್ತಿರ 600. ಇನ್ನು ಹಳೇ ಶ್ರೇಣಿಯ ತುತ್ತತುದಿ, 1,50,600. 1.585ರಿಂದ ಗುಣಿಸಿದರೆ 2,38,701, ಹೊಸ ಶ್ರೇಣಿ ಮುಗಿಯುವುದು 2,41,200ಕ್ಕೆ. ಅಂತರ 2,499! ಮೇಲೆ ಹೋದಂತೆ ಮೆಟ್ಟಿಲುಗಳ ಎತ್ತರವೂ ಹೆಚ್ಚು ನೋಡಿ, ಎಡವಿದರೂ ಮೇಲಕ್ಕೇ ಬೀಳುತ್ತಾರೆ. ಲೆಕ್ಕ ಹಂತದ ತುಸು ಕೆಳಗೆ ಬಂದು ನಿಂತವನಿಗೆ ಬರೀ ಚಿಲ್ಲರೆ. ಒಂದು ರೂಪಾಯಿ ದಾಟಿದವನಿಗೆ ಇಡೀ ಹಂತ. ಯೋಗ್ಯತೆ, ಸೇವಾವಧಿ ಎಲ್ಲ ಪಕ್ಕಕ್ಕಿಡಿ, ಗುಣಾಕಾರದ ಶೇಷ ಚೆನ್ನಾಗಿರಬೇಕು.

ಮತ್ತೆ ನಮ್ಮ ಅಟೆಂಡರ್. ಮೂಲವೇತನ, ತುಟ್ಟಿಭತ್ಯೆ ಸೇರಿ 22,270 ಇದ್ದದ್ದು 27,000 ಆಯಿತು, ಅಂದರೆ 4,730 ಹೆಚ್ಚು. ಶೇಕಡಾ 21ರ ಆಸುಪಾಸು. ಅದರಲ್ಲೂ ಶೇ 17ರ ಮಧ್ಯಂತರ ಪರಿಹಾರವೆಂದು 2,890 ರೂಪಾಯಿ 2023ರ ಏಪ್ರಿಲ್‌ನಿಂದಲೇ ಬರುತ್ತಿತ್ತು. ಅದೂ ಇದರೊಳಗೇ ಕರಗಿತು. ಆಮೇಲೆ ಏರಿದ ತುಟ್ಟಿಭತ್ಯೆಯನ್ನು ಬದಿಗಿಟ್ಟರೆ ಹೊಸದಾಗಿ ಉಳಿದದ್ದು 1,840. ಜಾರಿ 1-7-2022ರಿಂದ, ಕೈಗೆ ಕಾಸು 1-8-2024ರಿಂದ. ನಡುವಿನ ಎರಡು ವರ್ಷದ ಏರಿಕೆ ಕಾಲ್ಪನಿಕವಂತೆ. ರೇಷನ್ ಅಂಗಡಿಯವನಿಗೂ ಕಾಲ್ಪನಿಕ ದುಡ್ಡು ಕೊಡಬಹುದಿತ್ತು, ಅವನು ಒಪ್ಪಲಿಲ್ಲ.

ಆಗಸ್ಟ್ ಕೊನೆಗೆ ಮನೆ ಮಾಲೀಕರು ಅಟೆಂಡರ್ ಬಾಗಿಲಿಗೆ ಬಂದರು.

“ಏನ್ ಸಾರ್, 58.5 ಅಂತೆ?”

“ಅಷ್ಟಿಲ್ಲ ಸಾರ್, ಅದರಲ್ಲಿ ಡಿಎ...”

“ಇರಲಿ ಬಿಡಿ, ನಾವೇನು ಜಾಸ್ತಿ ಕೇಳಲ್ಲ. ಬಾಡಿಗೆ 9,600. ಅದಕ್ಕೆ ಐದು ಪರ್ಸೆಂಟ್, 10,080 ಆಯ್ತು. ಚಿಲ್ಲರೆ ಯಾಕೆ, ನಮ್ಮಲ್ಲಿ ಹಂತ 500ರದ್ದು. 10,500 ಮಾಡ್ಕೊಳ್ಳಿ. ಜಾರಿ ಜುಲೈಯಿಂದ.”

“ಕಾಲ್ಪನಿಕವಾಗಿ ತಾನೇ ಸಾರ್?”

“ಇಲ್ಲ, ಕ್ಯಾಶ್.”