‘ಈ ರೇಟು ಇವತ್ತು ಮಾತ್ರ ಸರ್’

ನಮ್ಮ ಕೊಡಗಿನವರು ಆಸ್ಪತ್ರೆಗೋ ಮದುವೆ ಬಟ್ಟೆಗೋ ಮೈಸೂರಿಗೆ ಹೋದರೆ ಹಾಗೇ ಒಂದು ಮಾಲ್‌ಗೂ ಹೊಕ್ಕು ಬರುತ್ತಾರೆ. ಅಲ್ಲಿ ಲಕ್ಕಿ ಡ್ರಾ ಡಬ್ಬ ಇಟ್ಟುಕೊಂಡು, ವರ್ಷ ವರ್ಷ ರೆಸಾರ್ಟ್‌ನಲ್ಲಿ ಕೆಲವು ರಾತ್ರಿ ತಂಗುವ ಹಾಲಿಡೇ ಮೆಂಬರ್‌ಶಿಪ್ ಮಾರೋಕೆ ನಿಂತಿರುವ ಹುಡುಗರ ಬಗ್ಗೆ ಈ ಬರಹ.

ಆ ಕೂಪನ್ ಒಮ್ಮೆ ಸರಿಯಾಗಿ ಓದಿ. ಹೆಸರು, ನಂಬರ್ ಸರಿ. ಮದುವೆಯಾಗಿದೆಯಾ, ಸಂಬಳ ಎಷ್ಟು, ಕ್ರೆಡಿಟ್ ಕಾರ್ಡ್ ಇದೆಯಾ ಅನ್ನೋದೆಲ್ಲ ಚೀಟಿ ಎತ್ತೋಕೆ ಯಾಕೆ ಬೇಕು? ಅಲ್ಲಿ ಚೀಟಿ ಎತ್ತುತ್ತಿಲ್ಲ, ಗಿರಾಕಿ ಆರಿಸುತ್ತಿದ್ದಾರೆ. ಆಮೇಲೆ ಫೋನ್ ಬರುತ್ತದೆ: ಗಿಫ್ಟ್ ಬಂದಿದೆ, ಗಂಡ ಹೆಂಡತಿ ಇಬ್ಬರೂ ಬರಲೇಬೇಕು, ಕಾರ್ಡ್ ಜೊತೆಗಿರಲಿ. ಇಬ್ಬರೂ ಯಾಕೆ ಅಂದರೆ, ‘ಮನೆಯಲ್ಲಿ ಕೇಳಿ ಹೇಳ್ತೀನಿ’ ಅಂತ ಎದ್ದು ಬರೋ ದಾರಿಯೇ ಇರಬಾರದು.

ವಿರಾಜಪೇಟೆಯ ನನ್ನ ಅಕ್ಕ ಭಾವ ಹೀಗೆ ಹೋಗಿ ಕೂತಿದ್ದರು. ಆಲ್ಬಮ್‌ನ ಮೊದಲ ಪುಟದಲ್ಲೇ ಕಾಫಿ ತೋಟ, ಮಂಜು. ನಮ್ಮ ಮಂಜನ್ನು ನಮಗೇ ಮಾರೋಕೆ ಮೈಸೂರಿಗೆ ಕರೆದಿದ್ದಾರೆ! ಹುಡುಗ ಬಿಳಿ ಹಾಳೆಯಲ್ಲಿ ನಾಲ್ಕೂವರೆ ಲಕ್ಷ ಬರೆದ. ಭಾವ ತಲೆ ಅಲ್ಲಾಡಿಸಿದರು. ಅದನ್ನು ಹೊಡೆದುಹಾಕಿ 3.4 ಲಕ್ಷ ಬರೆದ. ಆಮೇಲೆ ಮ್ಯಾನೇಜರ್ ಬಂದು ಕೂತು 2.6 ಲಕ್ಷ ಬರೆದು ಸುತ್ತು ಹಾಕಿದರು. ‘ಈ ರೇಟು ಇವತ್ತು ಮಾತ್ರ ಸರ್.’

ಅಕ್ಕ ಕೈ ತೊಳೆಯೋ ನೆಪದಲ್ಲಿ ಹೊರಗೆ ಬಂದು ನನಗೆ ಫೋನ್ ಮಾಡಿದಳು. ‘ಅಗ್ರಿಮೆಂಟ್ ಕೇಳು, ಓದೋಕೆ ವಾಟ್ಸಾಪ್ ಮಾಡಲಿ’ ಅಂದೆ. ಅವಳಿಗೆ ಸಿಕ್ಕ ಉತ್ತರ: ‘ಅದು ಪೇಮೆಂಟ್ ಆದ ಮೇಲೆ ಸಿಸ್ಟಮ್‌ನಿಂದ ಬರುತ್ತೆ ಮೇಡಂ.’ ಇಬ್ಬರೂ ಎದ್ದು ಬಂದರು. ಮುಂದಿನ ವಾರ ಅದೇ 2.6 ಲಕ್ಷಕ್ಕೆ ಮತ್ತೆ ಫೋನ್ ಬಂತು.

ಅವಸರ ಇರೋದು ರಿಯಾಯಿತಿಗಲ್ಲ. ಮನೆಗೆ ಹೋದರೆ ನೀವು ಲೆಕ್ಕ ಹಾಕುತ್ತೀರಿ, ಅದಕ್ಕೆ. ಹಾಕೋಣ ಬನ್ನಿ. 25 ವರ್ಷ, ವರ್ಷಕ್ಕೆ 7 ರಾತ್ರಿ. 2.6 ಲಕ್ಷಕ್ಕೆ 18 ಪರ್ಸೆಂಟ್ ಜಿಎಸ್‌ಟಿ ಸೇರಿದರೆ 3,06,800. ಇದಲ್ಲದೆ ವರ್ಷ ವರ್ಷ ನಿರ್ವಹಣಾ ಶುಲ್ಕ ಇದೆ, ಅವರು ಅದನ್ನು ಕೊನೆಯಲ್ಲಿ ಮೆಲ್ಲಗೆ ಹೇಳುತ್ತಾರೆ. ಅಕ್ಕನಿಗೆ ಹೇಳಿದ್ದು 14,000, ಟ್ಯಾಕ್ಸ್ ಸೇರಿ 16,520. ನೀವು ಹೋಗಲಿ ಬಿಡಲಿ, ಕಟ್ಟಲೇಬೇಕು. ಇದು ವರ್ಷಕ್ಕೆ ಬರೀ 5 ಪರ್ಸೆಂಟ್ ಏರಿದರೂ 25 ವರ್ಷಕ್ಕೆ ಸುಮಾರು 7.88 ಲಕ್ಷ ಆಗುತ್ತದೆ. ಅಂದರೆ ಮೆಂಬರ್‌ಶಿಪ್‌ಗಿಂತ ಅದರ ಶುಲ್ಕವೇ ಎರಡೂವರೆ ಪಟ್ಟು. ಎರಡೂ ಸೇರಿಸಿ 175 ರಾತ್ರಿಗೆ ಹಂಚಿದರೆ ಒಂದು ರಾತ್ರಿಗೆ ಹೆಚ್ಚೂಕಡಿಮೆ 6,260 ರೂಪಾಯಿ. ಅದೂ ಒಂದು ವರ್ಷವೂ ತಪ್ಪಿಸದೆ ಹೋದರೆ. ಊಟ, ಕಂತಿನ ಬಡ್ಡಿ ಬೇರೆ.

ಇನ್ನು ಸೀಸನ್. ನಮ್ಮದೂ ಒಂದು ಚಿಕ್ಕ ಹೋಂಸ್ಟೇ ಇದೆ, ಹಾಗಾಗಿ ಇದನ್ನು ಧೈರ್ಯವಾಗಿ ಹೇಳುತ್ತೇನೆ. ಡಿಸೆಂಬರ್ ಕೊನೆ, ಮೇ ರಜೆ, ಉದ್ದ ವಾರಾಂತ್ಯಗಳಲ್ಲಿ ಕೊಡಗಿನಲ್ಲಿ ರೂಮು ಸಿಗೋದೇ ಕಷ್ಟ. ಜುಲೈ ಮಳೆಯಲ್ಲಿ ವಾರದ ದಿನ ಬೇಕಾದಷ್ಟು ಖಾಲಿ. ಮೆಂಬರ್‌ಶಿಪ್‌ಗಳಲ್ಲಿ ಸೀಸನ್‌ಗಳನ್ನು ಬಣ್ಣದ ಹೆಸರಿನಲ್ಲಿ ವಿಂಗಡಿಸಿರುತ್ತಾರೆ, ಕಡಿಮೆ ಬೆಲೆಯ ಬಣ್ಣಕ್ಕೆ ಸಿಗೋದು ಈ ಖಾಲಿ ದಿನಗಳು. ನಿಮ್ಮ ಬಣ್ಣಕ್ಕೆ ಯಾವ ತಿಂಗಳು, ಎಷ್ಟು ದಿನ ಮೊದಲೇ ಬುಕ್ ಮಾಡಬೇಕು, ರೂಮು ಸಿಗದಿದ್ದರೆ ಆ ರಾತ್ರಿಗಳು ಏನಾಗುತ್ತವೆ ಅಂತ ಬರವಣಿಗೆಯಲ್ಲಿ ಕೇಳಿ. ‘ಬೇಡ ಅಂದ್ರೆ ಬಾಡಿಗೆಗೆ ಕೊಡಬಹುದು, ಮಾರಬಹುದು’ ಅಂತ ಬಾಯಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ. ಇದರಲ್ಲಿ ಬರೆಯದ ಯಾವ ಮಾತಿಗೂ ಕಂಪನಿ ಹೊಣೆಯಲ್ಲ ಅಂತ ಅಗ್ರಿಮೆಂಟ್‌ನಲ್ಲೇ ಒಂದು ಸಾಲು ಇರುತ್ತದೆ.

ಈಗಾಗಲೇ ಸಹಿ ಹಾಕಿದವರು ತಡ ಮಾಡಬೇಡಿ. ಕೆಲವು ಕಂಪನಿಗಳು ಕೆಲವೇ ದಿನಗಳೊಳಗೆ ರದ್ದು ಮಾಡಿದರೆ ಹಣ ವಾಪಸ್ ಕೊಡುವ ಷರತ್ತು ಇಟ್ಟಿರುತ್ತವೆ. ಅದನ್ನು ಹುಡುಕಿ, ಇವತ್ತೇ ಇಮೇಲ್ ಮಾಡಿ. ಫೋನ್‌ನಲ್ಲಿ ಹೇಳಿದರೆ ದಾಖಲೆ ಉಳಿಯಲ್ಲ. ಕಂತು ಸಾಲದ ಮೇಲೆ ಇದ್ದರೆ ಸಾಲ ಕೊಟ್ಟವರಿಗೂ ಬೇರೆಯಾಗಿ ಬರೆಯಿರಿ, ಮೆಂಬರ್‌ಶಿಪ್ ರದ್ದಾದ ಮಾತ್ರಕ್ಕೆ ಕಂತು ತಾನಾಗಿ ನಿಲ್ಲಲ್ಲ. ಒಪ್ಪದಿದ್ದರೆ ಗ್ರಾಹಕ ಸಹಾಯವಾಣಿ 1915. ಅದಕ್ಕೂ ಬಗ್ಗದಿದ್ದರೆ ಮಡಿಕೇರಿಯ ಜಿಲ್ಲಾ ಗ್ರಾಹಕರ ಆಯೋಗ. 2019ರ ಗ್ರಾಹಕ ರಕ್ಷಣಾ ಕಾಯ್ದೆಯಲ್ಲಿ ನೀವು ವಾಸ ಇರುವ ಕಡೆಯೇ ದೂರು ಕೊಡಬಹುದು, ಮೈಸೂರಿಗೆ ಅಲೆಯಬೇಕಿಲ್ಲ. ನೀವು ಕೊಟ್ಟ ಹಣ 5 ಲಕ್ಷದೊಳಗಿದ್ದರೆ ದೂರಿಗೆ ಶುಲ್ಕವೂ ಇಲ್ಲ. ಎರಡು ವರ್ಷದೊಳಗೆ ಹಾಕಬೇಕು ಅಷ್ಟೇ. ಆ ಹುಡುಗ ಗೀಚಿ ಹೊಡೆದುಹಾಕಿದ ಬಿಳಿ ಹಾಳೆ ನಿಮ್ಮ ಹತ್ತಿರ ಇದ್ದರೆ ಜೋಪಾನವಾಗಿಡಿ, ದೂರಿನ ಜೊತೆ ಲಗತ್ತಿಸಬಹುದು.