ಸಾರೇನೋ ಚೆನ್ನಾಗಿದೆ

ಯಾರ್ಕ್‌ಷೈರ್‌ಗೆ ಬಂದು ಹದಿನಾಲ್ಕು ತಿಂಗಳಾಗಿತ್ತು. ವರ್ಷದ ಕೊನೆಯ ಮೌಲ್ಯಮಾಪನದಲ್ಲಿ ನನ್ನ ಮೇಲಧಿಕಾರಿ ಒಂದು ಸಾಲು ಬರೆದಿದ್ದರು: ಎರಡು ಬಾರಿ ಹೇಳಿದರೂ ವರದಿಯನ್ನು ತಿದ್ದಲಿಲ್ಲ. ಆ ಸಾಲನ್ನು ಓದಿ ನನಗೆ ಬೇಸರಕ್ಕಿಂತ ಹೆಚ್ಚಾಗಿ ಆಶ್ಚರ್ಯವಾಯಿತು. ಅವರು ಒಮ್ಮೆಯೂ ಹೇಳಿರಲಿಲ್ಲ ಎಂದೇ ನಾನು ನಂಬಿದ್ದೆ. ಹೊಸ ಬಡಾವಣೆಯೊಂದರ ಮಳೆನೀರು ಚರಂಡಿಯ ಬಗ್ಗೆ ನಾನು ಬರೆದ ವರದಿ ಅದು. ಅದನ್ನು ಓದಿ ಅವರು ‘ಇಟ್ಸ್ ಕ್ವೈಟ್ ಗುಡ್’ ಎಂದಿದ್ದರು. ಆ ಸಂಜೆ ನಾನು ಹಾಸನಕ್ಕೆ ಫೋನ್ ಮಾಡಿ, ‘ಅಮ್ಮ, ಕೆಲಸ ತುಂಬಾ ಚೆನ್ನಾಗಿದೆ ಎಂದರು’ ಎಂದು ಹೇಳಿದ್ದೆ. ವಾರದ ನಂತರ, ಮೂರನೆಯ ಅಧ್ಯಾಯದ ಮೇಲೆ ಇನ್ನೊಮ್ಮೆ ಕಣ್ಣಾಡಿಸಬೇಕೆಂದು ನಿಮಗೆ ಅನ್ನಿಸಬಹುದೇನೋ ಎಂದು ಕೇಳಿದ್ದರು. ನಾನು ಯೋಚಿಸಿ ನೋಡಿದೆ, ಹಾಗೆ ಅನ್ನಿಸಲಿಲ್ಲ. ಅನ್ನಿಸಲಿಲ್ಲ ಎಂದು ವಿನಯದಿಂದಲೇ ತಿಳಿಸಿದೆ.

ಪಕ್ಕದ ಮೇಜಿನ ಹಿರಿಯ ಸಹೋದ್ಯೋಗಿಗೆ ನಾನು ಇದನ್ನೆಲ್ಲ ಹೇಳಿಕೊಂಡಾಗ ಅವರು ನಗಲಿಲ್ಲ. ‘ಕ್ವೈಟ್ ಗುಡ್ ಎಂದು ಅವರು ಹೇಗೆ ಹೇಳಿದರು?’ ಎಂದು ಕೇಳಿದರು. ಹೇಗೆ ಎಂದರೇನು, ಹಾಗೆಯೇ ಹೇಳಿದರು ಎಂದೆ. ಆಗ ಅವರು ಅದೇ ಎರಡು ಪದಗಳನ್ನು ಎರಡು ರೀತಿಯಲ್ಲಿ ಹೇಳಿ ತೋರಿಸಿದರು. ಮೊದಲ ಸಲ ಒತ್ತು ‘ಗುಡ್’ ಮೇಲೆ ಬಿತ್ತು, ದನಿ ಅಲ್ಲಿಯೇ ನೇರವಾಗಿ ಕೆಳಗಿಳಿದು ನಿಂತಿತು. ಎರಡನೆಯ ಸಲ ಒತ್ತು ‘ಕ್ವೈಟ್’ ಮೇಲೆ ಬಿತ್ತು, ದನಿ ಅಲ್ಲಿ ಇಳಿದು ‘ಗುಡ್’ ಮುಗಿಯುವ ಹೊತ್ತಿಗೆ ಸ್ವಲ್ಪ ಮೇಲೆದ್ದಿತು. ಮೊದಲನೆಯದು ಮೆಚ್ಚುಗೆ, ಎರಡನೆಯದು ಮೆಚ್ಚುಗೆಯಲ್ಲ. ನನ್ನ ಮೇಲಧಿಕಾರಿ ಹೇಳಿದ್ದು ಎರಡನೆಯದನ್ನು. ಆ ಕ್ಷಣದಲ್ಲಿ ಅವರ ದನಿ ನನ್ನ ಕಿವಿಯಲ್ಲಿ ಮತ್ತೆ ಕೇಳಿಸಿತು. ಅದು ಎದ್ದಿತ್ತು.

ಇಂಗ್ಲಿಷ್ ಧ್ವನಿಶಾಸ್ತ್ರದವರು ಇದನ್ನು ಇಳಿದೇರುವ ಸ್ವರ ಎಂದು ಗುರುತಿಸುತ್ತಾರೆ. ಹೇಳಿದ್ದಕ್ಕಿಂತ ಹೆಚ್ಚಿನದು ಬಾಯೊಳಗೆ ಉಳಿದಿದೆ, ಒಂದು ‘ಆದರೆ’ ಬಾಕಿ ಇದೆ ಎಂಬುದು ಅದರ ಸೂಚನೆ. ‘ಕ್ವೈಟ್’ ಪದವೇ ಬೇರೆ ತೊಡಕಿನದು. ಒಳ್ಳೆಯದು, ದೊಡ್ಡದು, ತಣ್ಣಗಿನದು ಎಂಬಂತೆ ಹೆಚ್ಚು ಕಡಿಮೆಯಾಗಬಲ್ಲ ಗುಣದ ಮುಂದೆ ಬಂದರೆ ಬ್ರಿಟನ್ನಿನಲ್ಲಿ ಅದು ಸಾಮಾನ್ಯವಾಗಿ ‘ತಕ್ಕಮಟ್ಟಿಗೆ’ ಎಂಬಷ್ಟೇ ಅರ್ಥ ಕೊಡುತ್ತದೆ. ಅಸಾಧ್ಯ, ಸರಿ, ಖಾಲಿ ಎಂಬಂತೆ ಅಳತೆಯಿಲ್ಲದ ಗುಣದ ಮುಂದೆ ಬಂದರೆ ‘ಸಂಪೂರ್ಣವಾಗಿ’ ಎಂದಾಗುತ್ತದೆ. ಅಮೆರಿಕದಲ್ಲಿ ಮೊದಲ ಜಾಗದಲ್ಲಿಯೂ ‘ಬಹಳ’ ಎಂದೇ ಬಳಕೆ. ನಮ್ಮ ಶಾಲೆಯ ಶಬ್ದಕೋಶ ಇದರಲ್ಲಿ ಒಂದೇ ಒಂದು ಅರ್ಥವನ್ನು ಕೊಟ್ಟು ನಮ್ಮನ್ನು ಕಳಿಸಿಬಿಟ್ಟಿತು.

ಅಂದು ಮನೆಗೆ ಹೋಗುವ ಬಸ್ಸಿನಲ್ಲಿ ಕುಳಿತಾಗ ನನಗೆ ಹೊಳೆದದ್ದು ಇನ್ನೊಂದು ವಿಷಯ. ಈ ಅರ್ಥ ನನಗೆ ಹೊಸದಲ್ಲ, ಹುಟ್ಟಿನಿಂದ ಬಲ್ಲೆ. ಮದುವೆ ಮನೆಯಲ್ಲಿ ಬೀಗರ ಕಡೆಯವರು ಎಲೆಯಿಂದ ಎದ್ದು ಕೈತೊಳೆಯುತ್ತಾ ‘ಸಾರೇನೋ ಚೆನ್ನಾಗಿತ್ತು’ ಎಂದರೆ ಹೆಣ್ಣಿನ ತಂದೆಯ ಮುಖ ಸಪ್ಪಗಾಗುವುದು ಏಕೆ? ಸಾರನ್ನು ಬಿಟ್ಟು ಬೇರೇನೋ ಕೆಟ್ಟಿದೆ ಎಂಬುದು ಆ ‘ಏನೋ’ದಲ್ಲಿ ಇದೆ. ‘ಹುಡುಗ ಒಳ್ಳೆಯವನೇ’ ಎಂದು ಕೊನೆಯ ‘ಏ’ ಎಳೆದರೆ ಮಾತುಕತೆ ಅಲ್ಲಿಗೆ ಮುರಿಯಿತು ಎಂದೇ ಲೆಕ್ಕ. ಇಂಗ್ಲಿಷಿನವರು ದನಿಯ ಏರಿಳಿತದಲ್ಲಿ ಇಡುವ ಅನುಮಾನವನ್ನು ನಾವು ಒಂದು ಅಕ್ಷರದಲ್ಲಿ ಇಡುತ್ತೇವೆ. ನಮ್ಮ ಅಕ್ಷರ ಕಾಗದದ ಮೇಲೂ ಉಳಿಯುತ್ತದೆ, ಪತ್ರದಲ್ಲಿ ಓದಿದರೂ ತಿಳಿಯುತ್ತದೆ. ಅವರ ದನಿ ಗಾಳಿಯಲ್ಲಿ ಹೋಗಿಬಿಡುತ್ತದೆ. ನಾವು ಇಂಗ್ಲಿಷನ್ನು ಕಲಿತದ್ದು ಕಾಗದದಿಂದ.

ವ್ಯಂಗ್ಯದಲ್ಲಿಯೂ ಹಾಗೆಯೇ. ತಡವಾಗಿ ಮನೆಗೆ ಬಂದ ನನಗೆ ಅಮ್ಮ ‘ಬಾ’ ಎಂದರೆ ಊಟ ಸಿಗುತ್ತದೆ, ‘ಬನ್ನಿ, ಈಗ ಬಂದಿರಾ’ ಎಂದರೆ ಮೊದಲು ಬೈಗುಳ. ಏಕವಚನದವನಿಗೆ ಬಹುವಚನ ಸಿಕ್ಕಿತೆಂದರೆ ಮಗುವಿಗೂ ಎಚ್ಚರವಾಗುತ್ತದೆ. ‘ದೊಡ್ಡ ಇಂಜಿನಿಯರಂತೆ’ ಎಂಬಲ್ಲಿ ‘ಅಂತೆ’, ‘ಬಹಳ ಚೆನ್ನಾಗಿದೆ ಬಿಡು’ ಎಂಬಲ್ಲಿ ‘ಬಿಡು’, ಎಲ್ಲವೂ ದಾರಿಯಲ್ಲಿ ನೆಟ್ಟ ಕಲ್ಲುಗಳ ಹಾಗೆ. ಇಂಗ್ಲಿಷಿನಲ್ಲಿ ಇರುವುದು ಒಂದೇ ‘ಯು’. ಅದನ್ನು ಏರಿಸಿ ಇಳಿಸುವ ದಾರಿಯಿಲ್ಲ. ಜೊತೆಗೆ ಇಲ್ಲಿಯ ಜನ ವ್ಯಂಗ್ಯವನ್ನು ಮುಖದ ಒಂದು ನರವನ್ನೂ ಅಲುಗಿಸದೆ ಸಪಾಟಾಗಿ ಹೇಳುವುದನ್ನು ಜಾಣತನವೆಂದು ತಿಳಿಯುತ್ತಾರೆ. ಕೊಡೆ ಮುರಿದು, ತೊಯ್ದು ತೊಪ್ಪೆಯಾಗಿ ಒಳಗೆ ಬಂದವನು ‘ಲವ್ಲಿ ಡೇ’ ಎನ್ನುತ್ತಾನೆ. ದನಿಯಲ್ಲಿ ಯಾವ ಗುರುತೂ ಇರುವುದಿಲ್ಲ. ಅಲ್ಲಿ ಕಿವಿ ಸಾಲದು, ಕಿಟಕಿಯ ಹೊರಗೆ ನೋಡಬೇಕು. ಮಾತು ಕಣ್ಣೆದುರಿಗಿನ ಸಂಗತಿಗೆ ಹೊಂದದಿದ್ದರೆ ಮಾತನ್ನು ತಿರುಗಿಸಿ ಓದಬೇಕು.

ಪದದ ಅರ್ಥಕ್ಕೂ ಆಡಿದವನ ಅರ್ಥಕ್ಕೂ ನಡುವಿನ ಈ ಅಂತರವನ್ನು ಪಾಲ್ ಗ್ರೈಸ್ ಎಂಬ ಬ್ರಿಟಿಷ್ ತತ್ತ್ವಜ್ಞಾನಿ 1967ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಉಪನ್ಯಾಸಗಳಲ್ಲಿ ಬಿಡಿಸಿ ತೋರಿಸಿದರು. ಅವರ ಉದಾಹರಣೆ ನನಗೆ ತುಂಬಾ ಉಪಕಾರ ಮಾಡಿದೆ. ತತ್ತ್ವಶಾಸ್ತ್ರದ ಹುದ್ದೆಗೆ ಅರ್ಜಿ ಹಾಕಿದ ವಿದ್ಯಾರ್ಥಿಯ ಬಗ್ಗೆ ಗುರುಗಳು ಶಿಫಾರಸು ಪತ್ರ ಬರೆಯುತ್ತಾರೆ: ಇವನ ಇಂಗ್ಲಿಷ್ ಅತ್ಯುತ್ತಮ, ತರಗತಿಗೆ ತಪ್ಪದೆ ಬರುತ್ತಿದ್ದ. ಅಷ್ಟೇ. ಒಂದೂ ಕೆಟ್ಟ ಮಾತಿಲ್ಲ, ಆದರೂ ಅವನಿಗೆ ಕೆಲಸ ಸಿಗುವುದಿಲ್ಲ. ಯಾವುದನ್ನು ಹೊಗಳಬೇಕಿತ್ತೋ ಅದನ್ನು ಬಿಟ್ಟು ಬೇರೆಯದನ್ನು ಹೊಗಳಿದ್ದಾರೆ. ನನ್ನ ವರದಿಗೂ ಅದೇ ಆಗಿತ್ತು. ನಕ್ಷೆಗಳು ಸ್ಪಷ್ಟವಾಗಿವೆ ಎಂದು ಮೇಲಧಿಕಾರಿ ಹೇಳಿದ್ದರು, ನೀರಿನ ಹರಿವಿನ ಲೆಕ್ಕದ ಬಗ್ಗೆ ತುಟಿ ಬಿಚ್ಚಿರಲಿಲ್ಲ. ಚರಂಡಿಯ ವರದಿಯಲ್ಲಿ ಲೆಕ್ಕವೇ ಮುಖ್ಯ, ಅದು ಇದ್ದದ್ದೂ ಮೂರನೆಯ ಅಧ್ಯಾಯದಲ್ಲಿಯೇ.

ನಾವಷ್ಟೇ ಮೋಸ ಹೋಗುತ್ತೇವೆ ಎಂದುಕೊಳ್ಳಬೇಕಿಲ್ಲ. 1951ರ ಏಪ್ರಿಲಿನಲ್ಲಿ ಕೊರಿಯಾದ ಇಮ್ಜಿನ್ ನದಿಯ ಬಳಿ ಬ್ರಿಟಿಷ್ ಪಡೆಯ ಗ್ಲಾಸ್ಟರ್‌ಷೈರ್ ರೆಜಿಮೆಂಟನ್ನು ಚೀನೀ ಸೇನೆ ಸುತ್ತುವರಿದಿತ್ತು. ಸ್ಥಿತಿ ಹೇಗಿದೆ ಎಂದು ಅಮೆರಿಕದ ಸೇನಾನಿ ಕೇಳಿದಾಗ ಬ್ರಿಟಿಷ್ ಬ್ರಿಗೇಡಿಯರ್ ಟಾಮ್ ಬ್ರೋಡಿ ‘ಎ ಬಿಟ್ ಸ್ಟಿಕಿ’ ಎಂದರು ಎಂಬ ಮಾತು ಪ್ರಸಿದ್ಧವಾಗಿದೆ. ‘ಸ್ವಲ್ಪ ತೊಡಕಾಗಿದೆ’ ಎಂಬುದು ಅದರ ಪದಾರ್ಥ, ‘ಸಾಯುತ್ತಿದ್ದೇವೆ’ ಎಂಬುದು ಭಾವಾರ್ಥ. ಕೇಳಿದವರು ಪದಾರ್ಥವನ್ನು ಹಿಡಿದರಂತೆ. ಆ ರೆಜಿಮೆಂಟಿನ 500ಕ್ಕೂ ಹೆಚ್ಚು ಸೈನಿಕರು ಸೆರೆಯಾದರು. ಯುದ್ಧದ ಸೋಲಿಗೆ ಒಂದು ಮಾತೇ ಕಾರಣವಾಗದು, ಆದರೂ ಇಂಗ್ಲಿಷೇ ತಾಯಿನುಡಿಯಾದ ಇಬ್ಬರ ನಡುವೆ ಇಷ್ಟಾಯಿತಲ್ಲ ಎಂದು ನನ್ನ ಎದೆ ಝಲ್ ಎನ್ನುತ್ತದೆ.

ತಿರುವುಮುರುವಾಗಿಯೂ ಇದು ನಡೆಯುತ್ತದೆ. ಭಾಷಾವಿಜ್ಞಾನಿ ಜಾನ್ ಗಂಪರ್ಜ್ ದಾಖಲಿಸಿದ ಪ್ರಸಂಗವೊಂದಿದೆ. ಬ್ರಿಟನ್ನಿನ ಒಂದು ದೊಡ್ಡ ವಿಮಾನ ನಿಲ್ದಾಣದ ಸಿಬ್ಬಂದಿ ಊಟದ ಕೋಣೆಯಲ್ಲಿ ಹೊಸದಾಗಿ ಸೇರಿದ ಭಾರತ, ಪಾಕಿಸ್ತಾನ ಮೂಲದ ಹೆಂಗಸರು ಒರಟರು ಎಂಬ ದೂರು ಬಂದಿತ್ತು. ಅವರು ಆಡುತ್ತಿದ್ದುದು ಕೆಲವೇ ಪದ. ಮಾಂಸದ ಮೇಲೆ ಗ್ರೇವಿ ಬೇಕೇ ಎಂದು ಕೇಳಲು ಇಂಗ್ಲಿಷ್ ಹೆಂಗಸು ದನಿಯನ್ನು ಏರಿಸಿ ‘ಗ್ರೇವಿ?’ ಎನ್ನುತ್ತಿದ್ದಳು, ಇವರು ದನಿಯನ್ನು ಇಳಿಸಿ ‘ಗ್ರೇವಿ’ ಎನ್ನುತ್ತಿದ್ದರು. ಬೇಕಾದರೆ ತೆಗೆದುಕೋ, ಇಲ್ಲದಿದ್ದರೆ ಬಿಡು ಎಂಬಂತೆ ಅದು ಕೇಳಿಸುತ್ತಿತ್ತು. ಧ್ವನಿಮುದ್ರಣ ಕೇಳಿಸಿದಾಗಲೂ ಮೊದಲಿಗೆ ಅವರಿಗೆ ಎರಡರಲ್ಲಿ ವ್ಯತ್ಯಾಸ ತಿಳಿಯಲಿಲ್ಲ. ನಮ್ಮ ಪಂಕ್ತಿಯಲ್ಲಿ ‘ಸಾರು, ಸಾರು’ ಎನ್ನುತ್ತಾ ಬಡಿಸುವವನ ದನಿಯನ್ನು ನೆನೆಯಿರಿ. ಅದು ಏರುತ್ತದೆಯೇ? ಅದರಲ್ಲಿ ಯಾರಿಗಾದರೂ ಒರಟುತನ ಕಂಡಿದೆಯೇ? ಬೇಡವಾದವರು ಎಲೆಯ ಮೇಲೆ ಕೈ ಅಡ್ಡ ಹಿಡಿಯುತ್ತಾರೆ, ಅಷ್ಟೇ. ಆ ಹೆಂಗಸರನ್ನು ನೆನೆದಾಗಲೆಲ್ಲ ನನಗೆ ಕರುಳು ಚುರುಕ್ ಎನ್ನುತ್ತದೆ.

ಈಗ ನಾನು ಮಾಡುವುದು ಇಷ್ಟು. ಹೊಗಳಿಕೆ ಬಂದಾಗ ಒತ್ತು ಯಾವ ಪದದ ಮೇಲೆ ಬಿತ್ತು, ಕೊನೆಯಲ್ಲಿ ದನಿ ಇಳಿದು ನಿಂತಿತೋ ಮತ್ತೆ ಎದ್ದಿತೋ ಎಂದು ಕೇಳಿಸಿಕೊಳ್ಳುತ್ತೇನೆ. ಎದ್ದಿದ್ದರೆ ‘ಏನೋ’ ಸೇರಿಸಿ ಕನ್ನಡದಲ್ಲಿ ಹೇಳಿಕೊಳ್ಳುತ್ತೇನೆ: ವರದಿಯೇನೋ ಚೆನ್ನಾಗಿದೆ. ಆಮೇಲೆ, ಮನಸ್ಸಿನಲ್ಲಿ ಏನಿದೆ ಎಂದು ಕೇಳುವುದಿಲ್ಲ, ಕೇಳಿದರೆ ಏನೂ ಇಲ್ಲ ಎಂದೇ ಉತ್ತರ ಬರುತ್ತದೆ. ‘ಮೂರನೆಯ ಅಧ್ಯಾಯದ ಲೆಕ್ಕವನ್ನು ಗುರುವಾರದೊಳಗೆ ಮತ್ತೆ ಮಾಡಿ ಕೊಡಲೇ?’ ಎಂದು ಕೆಲಸದ ಹೆಸರು ಹಿಡಿದು ಕೇಳುತ್ತೇನೆ. ಆಗ ಹೌದು ಎನ್ನಲು ಅವರಿಗೂ ಸುಲಭ. ಇಮೇಲ್‌ನಲ್ಲಿ ಈ ಉಪಾಯ ಅರ್ಧ ಮಾತ್ರ ನಡೆಯುತ್ತದೆ, ಅಲ್ಲಿ ದನಿಯೇ ಇಲ್ಲ. ಅನುಮಾನ ಬಂದರೆ ಎದ್ದು ಅವರ ಮೇಜಿನ ಬಳಿಗೆ ಹೋಗುತ್ತೇನೆ.

ನಮ್ಮ ನುಡಿಯೇ ನೇರ, ಅವರದ್ದು ಬಳಸು ಎಂದು ಬಹಳ ದಿನ ವಾದಿಸಿದ್ದೇನೆ. ಇಂದಿಗೂ ಮುಕ್ಕಾಲು ಪಾಲು ಹಾಗೆಯೇ ಅನ್ನಿಸುತ್ತದೆ. ಉಳಿದ ಕಾಲುಪಾಲನ್ನು ಒಪ್ಪಿಕೊಳ್ಳಲು ಮನಸ್ಸು ಹಿಂಜರಿಯುತ್ತದೆ. ಊರಿನಲ್ಲಿ ನನ್ನ ಮೊದಲ ಕೆಲಸದಲ್ಲಿ ಹಿರಿಯ ಅಧಿಕಾರಿಯೊಬ್ಬರು ಹತ್ತು ಜನರ ಎದುರಿಗೆ ನನ್ನ ನಕ್ಷೆಯನ್ನು ಮೇಜಿನ ಮೇಲೆ ಎಸೆದು ‘ಇದನ್ನು ಯಾರು ಕಲಿಸಿದರು ನಿನಗೆ?’ ಎಂದಿದ್ದರು. ಮಾತು ಅರ್ಥವಾಯಿತು, ತಪ್ಪನ್ನು ಅಂದೇ ತಿದ್ದಿದೆ. ಆಮೇಲೆ ಒಂದು ವರ್ಷ ಯಾರಿಗೂ ಅರ್ಧ ಮುಗಿದ ಕೆಲಸವನ್ನು ತೋರಿಸಲು ಧೈರ್ಯ ಬರಲಿಲ್ಲ. ಇಲ್ಲಿಯ ಮೇಲಧಿಕಾರಿ ಬಾಗಿಲು ಮುಚ್ಚಿ, ತಪ್ಪನ್ನು ನಾನೇ ಕಂಡುಕೊಂಡೆ ಎಂದು ಹೇಳಿಕೊಳ್ಳಲು ಜಾಗ ಬಿಟ್ಟು ಮಾತನಾಡಿದ್ದರು. ಇನ್ನೊಂದು ಸಂಗತಿ. ಬೆಂಗಳೂರಿನ ಗುತ್ತಿಗೆದಾರರೊಬ್ಬರು ‘ನೋಡೋಣ’ ಎಂಬುದನ್ನು ಇಂಗ್ಲಿಷಿನಲ್ಲಿ ಹೇಳಿದ್ದನ್ನು ನಂಬಿ ಇಲ್ಲಿಯ ಸಹೋದ್ಯೋಗಿ ಆರು ವಾರ ಕಾದ. ಅದು ಇಲ್ಲ ಎಂಬುದರ ಇನ್ನೊಂದು ಹೆಸರು ಎಂದು ಅವನಿಗೆ ತಿಳಿಸುವ ಕೆಲಸ ನನ್ನ ಪಾಲಿಗೆ ಬಂತು.

ಕಳೆದ ತಿಂಗಳು ಆ ಪಕ್ಕದ ಮೇಜಿನ ಹಿರಿಯರು ನಮ್ಮ ಮನೆಗೆ ಊಟಕ್ಕೆ ಬಂದಿದ್ದರು. ಊರಿನಿಂದ ತಂದ ಪುಡಿಯಲ್ಲಿ ಸಾರು ಮಾಡಿದ್ದೆ. ಊಟ ಹೇಗಿದೆ ಎಂದು ಕೇಳಿದಾಗ ಅನ್ನ ತುಂಬಾ ಚೆನ್ನಾಗಿದೆ ಎಂದರು. ಒತ್ತು ಅನ್ನದ ಮೇಲೆ ಬಿತ್ತು, ದನಿ ಇಳಿದು ಮತ್ತೆ ಎದ್ದಿತು.

‘ಸಾರು ಖಾರವಾಯಿತೇ?’ ಎಂದು ಕೇಳಿದೆ.

ಅವರು ಚಮಚ ಕೆಳಗಿಟ್ಟು ನನ್ನ ಮುಖ ನೋಡಿದರು. ‘ಎ ಬಿಟ್’ ಎಂದರು.

ನಾನು ಎದ್ದು ಹೋಗಿ ಮೊಸರಿನ ಪಾತ್ರೆಯನ್ನೇ ತಂದು ಅವರ ಮುಂದಿಟ್ಟೆ.